ಫ್ಯಾನಿನ ಮುಖ ಯಾರ ಕಡೆ

ನಮ್ಮ ಕಡೆ ಬೇಸಿಗೆಯಲ್ಲಿ ಮನೆಗೆ ಯಾರಾದರೂ ಬಂದರೆ ನೀರಿನ ತಂಬಿಗೆಗಿಂತ ಮೊದಲು ಗಾಳಿ ಬರಬೇಕು. ಬಂದವರು ಇನ್ನೂ ಚಪ್ಪಲಿ ಬಿಡುತ್ತಿರುವಾಗಲೇ ಮನೆಯವರು ಯಾರೋ ಒಬ್ಬರು ಎದ್ದು ಗೋಡೆಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸುತ್ತಾರೆ. ಸ್ಟ್ಯಾಂಡ್ ಫ್ಯಾನ್ ಇದ್ದರೆ ಅದರ ಕುತ್ತಿಗೆ ಹಿಡಿದು ಬಂದವರಲ್ಲಿ ಹಿರಿಯರಾದವರ ಕಡೆ ತಿರುಗಿಸುತ್ತಾರೆ. ಅದು ಮರ್ಯಾದೆ. ಹಿರಿಯರು ಎದ್ದುಹೋದರೆ ಗಂಡಸರ ಕಡೆ, ಗಂಡಸರು ಎದ್ದರೆ ಮಕ್ಕಳ ಕಡೆ. ಅಡುಗೆಮನೆಯ ಕಡೆ ಫ್ಯಾನಿನ ಮುಖ ತಿರುಗಿದ್ದನ್ನು ನಾನು ಯಾರ ಮನೆಯಲ್ಲೂ ಕಂಡಿಲ್ಲ. ಈ ಮಾತನ್ನು ಜಗಳ ತೆಗೆಯಲು ಹೇಳುತ್ತಿಲ್ಲ. ಮುಂದಿನದು ತಿಳಿಯಬೇಕಾದರೆ ಇದು ಗೊತ್ತಿರಬೇಕು, ಅದಕ್ಕೆ ಹೇಳಿದೆ.

ನಮ್ಮದು ಐನಾಪುರದ ಹತ್ತಿರ ದ್ರಾಕ್ಷಿ ತೋಟದ ಮನೆತನ. ಹಣ್ಣು ಮಾರಾಟಕ್ಕಿಂತ ಹೆಚ್ಚಾಗಿ ನಾವು ಒಣದ್ರಾಕ್ಷಿ ಮಾಡುತ್ತೇವೆ. ಮಹಾರಾಷ್ಟ್ರದ ವ್ಯಾಪಾರಿಗಳ ಬಾಯಲ್ಲಿ ಅದು ಬೇದಾಣಾ. ತೋಟದ ಮಗ್ಗುಲಲ್ಲಿ ಗೋಡೆಯಿಲ್ಲದ ಶೆಡ್ಡು ಇದೆ. ಒಳಗೆ ಒಂದರ ಮೇಲೊಂದು ಬಲೆ ಕಟ್ಟಿ, ಔಷಧದ ನೀರಿನಲ್ಲಿ ಅದ್ದಿದ ಗೊಂಚಲುಗಳನ್ನು ಹರಡುತ್ತೇವೆ. ಬಿಸಿಲು ತಾಗದ ಹಾಗೆ ನೆರಳು, ಆದರೆ ಬಿಸಿಗಾಳಿ ಮಾತ್ರ ಆರಪಾರ ಹಾಯಬೇಕು. ಬೇರೆಯವರು ಬೈಯುವ ಒಣ ಗಾಳಿಯೇ ನಮ್ಮ ಹೊಟ್ಟೆ ತುಂಬಿಸುವುದು. ಅದಕ್ಕೇ ಊರೆಲ್ಲ ಬಿಸಿಲಿಗೆ ಹಿಡಿಶಾಪ ಹಾಕುವಾಗ ನನ್ನ ಗಂಡ ಆಕಾಶ ನೋಡಿ ಸುಮ್ಮನೆ ಮೀಸೆ ತೀಡುತ್ತಾರೆ.

ಮನೆಯಲ್ಲಿ ನಾವು ಗಂಡ ಹೆಂಡತಿ, ಮತ್ತು ನಮ್ಮ ಅತ್ತೆ. ಅತ್ತೆಗೆ ಎಂಬತ್ತು ದಾಟಿದೆ. ನಾವು ಜೈನರು. ಅತ್ತೆ ಅಂತೂ ನೇಮದ ಹೆಂಗಸು. ನೀರು ಬಟ್ಟೆಯಲ್ಲಿ ಸೋಸಿ ಕಾಯಿಸಿದ್ದೇ ಆಗಬೇಕು. ಹೊತ್ತು ಮುಳುಗಿದ ಮೇಲೆ ಬಾಯಿಗೆ ಅನ್ನವೂ ಇಲ್ಲ, ನೀರೂ ಇಲ್ಲ. ಮಾವ ತೀರಿಕೊಂಡ ವರ್ಷ ಹಿಡಿದ ನೇಮ ಅದು, ಜ್ವರ ಬಂದಾಗಲೂ ಮುರಿದಿಲ್ಲ. ಹಗಲಿನಲ್ಲಾದರೂ ಕುಡಿಯುತ್ತಾರೆಯೇ ಎಂದರೆ ಅದೂ ಕಡಿಮೆ, ಏಕೆಂದರೆ ಕುಡಿದರೆ ಏಳಬೇಕು, ಎದ್ದರೆ ಮೊಣಕಾಲು ನೋಯುತ್ತದೆ. ಬಿ.ಪಿ.ಗೆಂದು ಕೊಟ್ಟ ಮಾತ್ರೆಗಳಲ್ಲಿ ಒಂದು ಮೂತ್ರ ಹೆಚ್ಚು ಮಾಡುವಂಥದ್ದು. ಆ ಮಾತ್ರೆಯನ್ನು ಅತ್ತೆ ವೈರಿಯನ್ನು ನೋಡಿದ ಹಾಗೆ ನೋಡಿ ನುಂಗುತ್ತಿದ್ದರು.

ಇಷ್ಟೆಲ್ಲ ನೇಮದ ಹೆಂಗಸಿಗೆ ಇದ್ದದ್ದು ಒಂದೇ ಚಟ, ಅದು ಫ್ಯಾನು. ಮುನಿಗಳು ಫ್ಯಾನು ಹಾಕಿಸಿಕೊಳ್ಳುವುದಿಲ್ಲ ಎಂದು ಅವರಿಗೆ ಗೊತ್ತು. ಅದನ್ನು ಹೇಳಿ, ನಾವು ಸಂಸಾರಸ್ಥರು ಎಂದು ತಾವೇ ಮಾಫಿ ಕೊಟ್ಟುಕೊಂಡು, ಗುಂಡಿಯನ್ನು ಐದಕ್ಕೆ ತಿರುಗಿಸಲು ನನಗೆ ಹೇಳುತ್ತಿದ್ದರು. ಅವರ ಖೋಲಿ ನಾವು ಹೊಸದಾಗಿ ಕಟ್ಟಿಸಿದ ಸ್ಲ್ಯಾಬಿನದು. ಮಧ್ಯಾಹ್ನ ಆ ಸ್ಲ್ಯಾಬು ರೊಟ್ಟಿ ಹಂಚು ಕಾದಂತೆ ಕಾಯುತ್ತದೆ, ಫ್ಯಾನು ಆ ಕಾವನ್ನೇ ಕೆಳಗೆ ಇಳಿಸುತ್ತದೆ. ಆದರೂ ಕೇಳಿದರೆ ಅತ್ತೆ, ಛಲೋ ಗಾಳಿ ಐತಿ ಎನ್ನುತ್ತಿದ್ದರು. ಸೆಖೆ ಆಯಿತೆಂದು ಅವರು ಹೇಳಿದ್ದನ್ನು ನಾನು ಹೇಳಹೊರಟಿರುವ ಬೇಸಿಗೆಯಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ.

ಆ ಏಪ್ರಿಲ್ಲಿನಲ್ಲಿ ನಿಪ್ಪಾಣಿಯಿಂದ ನನ್ನ ನಾದಿನಿ ಬಂದಳು. ಅತ್ತೆಯ ಒಬ್ಬಳೇ ಮಗಳು, ನನಗಿಂತ ಸ್ವಲ್ಪ ಚಿಕ್ಕವಳು. ಬರುವಾಗ ಅವ್ವನಿಗೆಂದು ದೊಡ್ಡ ಸ್ಟ್ಯಾಂಡ್ ಫ್ಯಾನ್ ತಂದಿದ್ದಳು. ಅದರ ರೆಕ್ಕೆ ಲೋಹದವು, ಸದ್ದು ಹಿಟ್ಟಿನ ಗಿರಣಿಯದು. ಗಾಡಿಯಿಂದ ಇಳಿದವಳು ಮೊದಲು ಅದನ್ನು ಅವ್ವನ ಮಂಚದ ಎದುರು ನಿಲ್ಲಿಸಿ, ಹಚ್ಚಿ, ತಾನೂ ಪಕ್ಕದಲ್ಲಿ ಕುಳಿತು, ಬೆವರಿದ ಕುತ್ತಿಗೆಯಿಂದ ಸೆರಗು ಸರಿಸಿ, ಜೀವ ಬಂತು ಎಂದಳು. ಅತ್ತೆಯೂ ನಕ್ಕರು. ಮಗಳು ಬಂದ ಸಂತೋಷವೋ ಫ್ಯಾನು ಬಂದ ಸಂತೋಷವೋ, ಯಾರು ಕೇಳುತ್ತಾರೆ.

ನನಗೆ ಆ ಫ್ಯಾನಿನ ಮೇಲೆ ಆಗ ಯಾವ ಸಿಟ್ಟೂ ಇರಲಿಲ್ಲ. ನಾದಿನಿಯ ಮೇಲೆ ಸ್ವಲ್ಪ ಇತ್ತು. ತವರಿಗೆ ಬಂದವಳು ನಾನು ಅತ್ತೆಯನ್ನು ಹೇಗೆ ನೋಡಿಕೊಳ್ಳುತ್ತಿದ್ದೇನೆ ಎಂದು ಮೂಲೆ ಮೂಲೆ ಪರೀಕ್ಷೆ ಮಾಡುತ್ತಾಳೆ. ದಿಂಬು ಮೂಸುತ್ತಾಳೆ, ಔಷಧಿಯ ಡಬ್ಬಿ ಅಲ್ಲಾಡಿಸುತ್ತಾಳೆ. ಇರಲಿ, ಅವಳಿಗೆ ಅವ್ವ ಅಲ್ಲವೇ ಎಂದು ನಾನು ಶೆಡ್ಡಿಗೆ ಹೋಗಿಬಿಡುತ್ತಿದ್ದೆ. ಬಲೆಯಿಂದ ಒಣಗಿದ ಮಾಲು ಇಳಿಸುವ ಕೆಲಸ ನಡೆದಿತ್ತು. ಆಳುಗಳು ಸಿಗದ ಕಾಲ, ಬೆಳಿಗ್ಗೆ ಹೋದರೆ ಊಟದ ಹೊತ್ತಿಗೇ ಮನೆ.

ಅದು ಗಾಳಿಯಲ್ಲಿ ಬೆಂಕಿ ಬೆರೆತಂಥ ವಾರ. ಶೆಡ್ಡಿನ ಕಂಬಕ್ಕೆ ತೂಗುಹಾಕಿದ ಥರ್ಮಾಮೀಟರ್ ನೆರಳಿನಲ್ಲೇ ನಲವತ್ತು ದಾಟುತ್ತಿತ್ತು. ನನ್ನ ಗಂಡನಿಗೆ ಅದು ಖುಷಿಯ ಸುದ್ದಿ. ಮಾಲು ಬೇಗ ಒಣಗುತ್ತದೆ ಎಂದು ದಿನಕ್ಕೆ ಹತ್ತು ಸಲ ಅದನ್ನೇ ನೋಡುತ್ತಿದ್ದರು.

ಒಂದು ಮಧ್ಯಾಹ್ನ ನಾನು ಮನೆಗೆ ಬಂದಾಗ ಹೊರಗಿನ ಬಾಗಿಲಿಗೇ ಫ್ಯಾನಿನ ಸದ್ದು ಕೇಳುತ್ತಿತ್ತು. ಒಳಗೆ ನಾದಿನಿ ನೆಲದ ಮೇಲೆ ಸೆರಗು ಹಾಸಿಕೊಂಡು ನಿದ್ದೆ ಹೋಗಿದ್ದಳು. ಅವಳ ರವಿಕೆ ಬೆವರಿನಿಂದ ಬೆನ್ನಿಗೆ ಅಂಟಿತ್ತು, ಮುಖದಲ್ಲಿ ಸುಖವಿತ್ತು. ಮಂಚದ ಮೇಲೆ ಅತ್ತೆ. ಫ್ಯಾನಿನ ಮುಖ ನೇರ ಅವರ ಎದೆಗೆ. ಸೀರೆಯ ನಿರಿಗೆ ಪಟಪಟ ಹಾರುತ್ತಿತ್ತು. ಊಟಕ್ಕೆ ಏಳಿ ಎಂದು ಪಾದ ಮುಟ್ಟಿದೆ. ಮುಟ್ಟಿದ ಕೈ ಹಿಂದೆ ತೆಗೆದೆ. ಒಲೆಯ ಮಗ್ಗುಲಲ್ಲಿಟ್ಟ ತಾಮ್ರದ ಚರಿಗೆಯ ಹಾಗೆ ಸುಡುತ್ತಿತ್ತು, ಒಂದು ಹನಿ ಬೆವರಿಲ್ಲ. ತುಟಿ ಒಣಗಿ ಬಿಳಿಯಾಗಿತ್ತು.

ಕೂಗಿದೆ. ಅತ್ತೆ ಅರ್ಧ ಕಣ್ಣು ತೆರೆದು ನನ್ನನ್ನು ಅಕ್ಕ ಎಂದು ಕರೆದರು. ಎಮ್ಮೆ ಕಟ್ಟಿದಿಯೇನು ಎಂದು ಕೇಳಿದರು. ಅವರ ಅಕ್ಕ ಸತ್ತು ಎಷ್ಟೋ ವರ್ಷವಾಗಿದೆ. ನಮ್ಮ ಹಿತ್ತಲಲ್ಲಿ ಎಮ್ಮೆಯೂ ಇಲ್ಲ.

ಎಚ್ಚರಾದ ನಾದಿನಿ, ಅವ್ವನಿಗೆ ಕನಸು ಬಿದ್ದಿದೆ, ಸೆಖೆ ಆಗಿದೆ ಎಂದು ಫ್ಯಾನನ್ನು ಇನ್ನೂ ಒಂದು ಗೇಣು ಹತ್ತಿರ ಎಳೆದಳು. ಅವಳದು ತಪ್ಪೆಂದು ನಾನು ಹೇಗೆ ಹೇಳಲಿ. ಆ ಹೊತ್ತಿಗೆ ನನಗೂ ತಿಳಿದದ್ದು ಅಷ್ಟೇ. ನನ್ನ ತಲೆಯಲ್ಲಿ ಓಡುತ್ತಿದ್ದ ಪ್ರಶ್ನೆ ಬೇರೆ. ಝಳ ಬಡಿಯುವುದು ಹೊಲಕ್ಕೆ ಹೋದವರಿಗೆ, ರಸ್ತೆಯ ಕೆಲಸ ಮಾಡುವವರಿಗೆ. ಇವರು ವಾರದಿಂದ ಹೊಸ್ತಿಲು ದಾಟಿಲ್ಲ, ಇಡೀ ಮನೆಯ ಗಾಳಿಯೆಲ್ಲ ಇವರ ಮೇಲೇ ಇದೆ, ಇವರಿಗೆ ಹೇಗೆ ಬಡಿಯಿತು?

ಯೋಚಿಸುತ್ತ ನಿಲ್ಲುವ ಹೊತ್ತು ಅದಲ್ಲ. ಗಂಡನನ್ನು ಕರೆಸಿದೆ. ಮಾಲು ಸಾಗಿಸುವ ಗಾಡಿಯಲ್ಲೇ ಹಾಸಿಗೆ ಹಾಕಿ, ಮೈಗೆ ಒದ್ದೆ ಟವೆಲ್ ಸುತ್ತಿ, ಅಥಣಿಯ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಟವೆಲ್ ಒಣಗುವುದು, ನಾನು ಕೊಡದಿಂದ ನೀರು ಸುರಿಯುವುದು. ನಾದಿನಿ ಅವ್ವನ ತಲೆ ಹಿಡಿದುಕೊಂಡು ಅಳುತ್ತಿದ್ದಳು. ನಮ್ಮಿಬ್ಬರ ಸೀರೆಯೂ ಒದ್ದೆಯಾಗಿತ್ತು, ಆ ಬಿಸಿಗಾಳಿಯಲ್ಲೂ ನಮಗೆ ತಣ್ಣಗಾಗುತ್ತಿತ್ತು. ಆಗ ಅದರ ಅರ್ಥ ಹೊಳೆಯಲಿಲ್ಲ.

ಆಸ್ಪತ್ರೆಯಲ್ಲಿ ನೋಡಿದ ಕೂಡಲೇ ಒಳಗೆ ಕರೆದುಕೊಂಡರು. ಸೀರೆ ಸಡಿಲ ಮಾಡಿ, ಮೈಮೇಲೆಲ್ಲ ನೀರು ಸಿಂಪಡಿಸಿ, ಕಂಕುಳಲ್ಲಿ ಮತ್ತು ಕುತ್ತಿಗೆಯ ಹತ್ತಿರ ಮಂಜುಗಡ್ಡೆಯ ಚೀಲ ಇಟ್ಟು, ಕೈಗೆ ಸಲೈನ್ ಹಚ್ಚಿದರು. ಆಮೇಲೆ ಒಂದು ಫ್ಯಾನನ್ನು ತಂದು ಅತ್ತೆಯ ಕಡೆ ತಿರುಗಿಸಿದರು. ನಾದಿನಿ ನನ್ನ ಮುಖ ನೋಡಿದಳು. ಇವರೂ ಫ್ಯಾನನ್ನೇ ಹಚ್ಚಿದರಲ್ಲ, ನಾವು ಮಾಡಿದ್ದರಲ್ಲಿ ತಪ್ಪೇನು ಎಂಬ ಪ್ರಶ್ನೆ ಆ ನೋಟದಲ್ಲಿತ್ತು. ಸಂಜೆ ಜ್ವರ ಇಳಿದು, ಅತ್ತೆ ನನ್ನನ್ನು ಗುರುತು ಹಿಡಿದ ಮೇಲೆ, ಅದೇ ಪ್ರಶ್ನೆಯನ್ನು ಅವಳು ಡಾಕ್ಟರ್ ಮೇಡಮ್ಮಿಗೆ ಕೇಳಿಯೇ ಬಿಟ್ಟಳು. ಮೇಡಮ್ಮು ನಮ್ಮ ಕಡೆಯವರೇ. ಇಡೀ ದಿನ ನಿಂತು ನಿಂತು ದಣಿದಿದ್ದರು, ಆದರೂ ಸ್ಟೂಲು ಎಳೆದುಕೊಂಡು ಕುಳಿತು ಹೇಳಿದರು.

"ಫ್ಯಾನ್ ಗಾಳಿನ ತಣ್ಣಗ ಮಾಡೂದಿಲ್ಲರಿ. ಖೋಲಿಯೊಳಗ ಇದ್ದ ಗಾಳಿನ ಮೈಮ್ಯಾಲೆ ನೂಕತೈತಿ, ಅಷ್ಟ. ನಿಮ್ಮ ಮೈಗೆ ಬೆವರ ಬರತೈತಿ, ಅದು ಆರಿದಾಗ ನಿಮಗ ತಂಪ ಆಗತೈತಿ. ವಯಸ್ಸಾದವರಿಗೆ ಬೆವರ ಕಡಿಮಿ. ಗಾಳಿ ಮೈಗಿಂತ ಬಿಸಿ ಇದ್ದಾಗ ಒಣಾ ಮೈಗೆ ಫ್ಯಾನ್ ಹಚ್ಚಿದರ, ಆ ಬಿಸಿ ಒಳಗ ಹೋಗತೈತಿ. ಇಲ್ಲಿ ನಾವು ಮೊದಲ ನೀರು ಹೊಡದೀವಿ, ಆಮ್ಯಾಲೆ ಗಾಳಿ ಹಚ್ಚೀವಿ. ಬೆವರಿನ ಕೆಲಸ ಆ ನೀರು ಮಾಡಾಕತ್ತೈತಿ."

ಹಾಗಾದರೆ ಅವ್ವ ಛಲೋ ಗಾಳಿ ಎನ್ನುತ್ತಿದ್ದರಲ್ಲ ಎಂದು ನಾದಿನಿ ಕೇಳಿದಳು. ವಯಸ್ಸಾದ ಮೇಲೆ ಮೈಗೆ ಕಾವು ಏರಿದ್ದು ಬೇಗ ತಿಳಿಯುವುದಿಲ್ಲ, ಬಾಯಾರಿಕೆಯೂ ತಿಳಿಯುವುದಿಲ್ಲ, ಅವರ ಮಾತನ್ನು ನಂಬಿ ಕೂರಬೇಡಿ, ಮೈ ಮುಟ್ಟಿ ನೋಡಿ ಎಂದು ಮೇಡಮ್ಮು ಹೇಳಿದರು. ಮೂತ್ರದ ಮಾತ್ರೆಯ ಪ್ರಮಾಣವನ್ನು ಅವರೇ ಕಡಿಮೆ ಮಾಡಿ ಬರೆದುಕೊಟ್ಟರು, ನಾವಾಗಿ ಏನನ್ನೂ ನಿಲ್ಲಿಸಬಾರದು ಎಂದು ಎಚ್ಚರಿಸಿದರು. ರಾತ್ರಿ ನೀರಿಲ್ಲದ ನೇಮ ಬಿಡಿಸಲು ನೋಡಿದರು. ಅತ್ತೆ ಮಲಗಿದಲ್ಲಿಂದಲೇ ಕೈ ಮುಗಿದರು. ಸಲೈನ್ ಬಾಯಿಂದ ಹೋಗುವುದಿಲ್ಲವಲ್ಲ ಎಂದು ಅದಕ್ಕೆ ಮಾತ್ರ ಒಪ್ಪಿದ್ದರಂತೆ. ಮೇಡಮ್ಮು ನನ್ನ ಕಡೆ ತಿರುಗಿ, ಹಾಗಾದರೆ ಹಗಲೆಲ್ಲ ಗುಟುಕು ಗುಟುಕಾಗಿ ಕುಡಿಸುವ ಕೆಲಸ ನಿಮ್ಮದು ಎಂದರು. ಕೊನೆಗೆ ಎಲ್ಲ ಕೆಲಸವೂ ಬಂದು ನಿಲ್ಲುವುದು ಎಲ್ಲಿ ಎಂದು ನನಗೆ ಮೊದಲೇ ಗೊತ್ತಿತ್ತು.

ಅತ್ತೆ ಇನ್ನೂ ಆಸ್ಪತ್ರೆಯಲ್ಲಿದ್ದಾಗ ನಾನು ಒಮ್ಮೆ ಶೆಡ್ಡಿಗೆ ಹೋಗಿ ಬಂದೆ. ಮೇಲಿನ ಬಲೆಯಲ್ಲಿ ತಡವಾಗಿ ಹಾಕಿದ ಹಣ್ಣು ಇನ್ನೂ ಹಸಿ. ಕೆಳಗಿನದು ಪೂರ್ತಿ ಒಣಗಿತ್ತು. ಎರಡಕ್ಕೂ ಅದೇ ಗಾಳಿ. ಹಸಿ ಹಣ್ಣನ್ನು ಮುಟ್ಟಿದರೆ ಕೈಗೆ ತಂಪು, ಒಣಗಿದ್ದನ್ನು ಮುಟ್ಟಿದರೆ ಬಿಸಿ. ಮದುವೆಯಾಗಿ ಬಂದಾಗಿನಿಂದ ಈ ಬಲೆಗಳಲ್ಲಿ ಕೈಯಾಡಿಸಿದವಳು ನಾನು. ಒಳಗೆ ನೀರಿರುವ ತನಕ ಗಾಳಿ ತಂಪು ಮಾಡುತ್ತದೆ, ನೀರು ಮುಗಿದ ಮೇಲೆ ಅದೇ ಗಾಳಿ ಸುಡುತ್ತದೆ. ಮೇಡಮ್ಮು ಹೇಳಿದ್ದು ಇದನ್ನೇ. ಎಂಬತ್ತು ದಾಟಿದ ನನ್ನ ಅತ್ತೆಯನ್ನು ನಾವೆಲ್ಲ ಸೇರಿ, ಪ್ರೀತಿಯಿಂದ, ಬಲೆಯ ಮೇಲೆ ಹರಡಿದ್ದೆವು. ನಿಜವಾಗಿ ಹೆದರಿಕೆಯಾಯಿತು. ಹೊರಡುವಾಗ ಕಂಬದ ಥರ್ಮಾಮೀಟರ್ ಬಿಚ್ಚಿಕೊಂಡು ಮನೆಗೆ ತಂದೆ.

ಅತ್ತೆ ಮನೆಗೆ ಬಂದ ಮೇಲೆ ಅವರ ಮಂಚವನ್ನು ಸ್ಲ್ಯಾಬಿನ ಖೋಲಿಯಿಂದ ಹಳೆಯ ನಡುಮನೆಗೆ ಹಾಕಿದೆವು. ಅದಕ್ಕೆ ಮಣ್ಣಿನ ಮಾಳಿಗೆ, ದಪ್ಪ ಗೋಡೆ. ಅಲ್ಲಿ ತುಂಬಿದ್ದ ಚೀಲಗಳನ್ನು ಹೊರಗೆ ಎಳೆಯುವಷ್ಟರಲ್ಲಿ ನನ್ನ ಸೊಂಟ ಹೋಯಿತು. ಬಿಸಿಲೇರುವ ಮೊದಲೇ ಕಿಟಕಿ ಮುಚ್ಚುವುದು, ಸಂಜೆ ಹೊರಗೆ ತಂಪಾದ ಮೇಲೆ ತೆರೆದು ಫ್ಯಾನು ಹಚ್ಚುವುದು. ಬೆಳಿಗ್ಗೆಯೂ ಗಾಳಿ ತಣ್ಣಗಿರುವ ತನಕ ಫ್ಯಾನು ಇರಲಿ. ಮೇಡಮ್ಮು ಹೇಳಿಕೊಟ್ಟ ಲೆಕ್ಕದಂತೆ, ಮಧ್ಯಾಹ್ನ ಥರ್ಮಾಮೀಟರ್ ಮೂವತ್ತೈದು ದಾಟಿತೆಂದರೆ ಒಣ ಮೈಯ ಮೇಲೆ ಫ್ಯಾನಿಲ್ಲ. ಕೈ, ಕಾಲು, ಕುತ್ತಿಗೆಗೆ ಒದ್ದೆ ಬಟ್ಟೆ. ಬಟ್ಟೆ ಒದ್ದೆಯಿದ್ದಾಗ ಮಾತ್ರ ಒಂದೋ ಎರಡೋ ನಂಬರಿನ ಗಾಳಿ. ಅದು ಆರಿದರೆ ಮತ್ತೆ ಒದ್ದೆ ಮಾಡಬೇಕು, ಇಲ್ಲವೇ ಫ್ಯಾನು ಬಂದ್ ಮಾಡಬೇಕು.

ಕೂಲರ್ ತರೋಣ ಎಂದು ಗಂಡ ಒಮ್ಮೆ ಹೇಳಿ ನೋಡಿದರು. ಅತ್ತೆ ಒಪ್ಪಲಿಲ್ಲ. ನಿಂತ ನೀರಿನಲ್ಲಿ ಹುಳ ಹುಟ್ಟುತ್ತವೆ, ನನ್ನ ತಂಪಿಗೆ ಅಷ್ಟು ಜೀವ ಸಾಯುವುದು ಬೇಡ ಎಂದರು. ಕರೆಂಟು ಎಷ್ಟು ಹೊತ್ತು ಇರುತ್ತದೋ ಅದೂ ಗೊತ್ತಿರಲಿಲ್ಲ. ಹಾಗಾಗಿ ಸೋಸಿದ ನೀರು, ಹಳೆಯ ಧೋತರದ ತುಂಡುಗಳು, ಮತ್ತು ನಾನು. ಅದ್ದಬೇಕು, ಹಿಂಡಬೇಕು, ಹಾಸಬೇಕು. ನಡುವೆ ಮಜ್ಜಿಗೆ, ಸಣ್ಣ ಲೋಟದಲ್ಲಿ ನೀರು. ಎರಡು ಗುಟುಕಿಗೆ ಅತ್ತೆ ಲೋಟ ಮುಚ್ಚುತ್ತಿದ್ದರು, ನಾನು ಮತ್ತೆ ಹಿಡಿಯುತ್ತಿದ್ದೆ. ಹೊತ್ತು ಇಳಿಯುತ್ತಿದ್ದಂತೆ ನನಗೆ ಅವಸರ ಹೆಚ್ಚುತ್ತಿತ್ತು, ಏಕೆಂದರೆ ಮುಳುಗಿದ ಮೇಲೆ ಆ ಬಾಯಿ ತೆರೆಯುವುದಿಲ್ಲ. ಸೂರ್ಯನ ಮೇಲೆ ನನಗೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಇರುವಾಗ ಸುಡುತ್ತಾನೆ, ಹೋಗುವಾಗ ನೀರು ಕಸಿದುಕೊಂಡು ಹೋಗುತ್ತಾನೆ.

ಇದನ್ನೆಲ್ಲ ಮಾಡಬಹುದಿತ್ತು. ಮಾಡಲಾಗದ್ದು, ಮಾತಾಡಿಸಲು ಬಂದವರನ್ನು ತಡೆಯುವುದು.

ಆಸ್ಪತ್ರೆಯಿಂದ ಬಂದವರನ್ನು ಮಾತಾಡಿಸಿಕೊಂಡು ಹೋಗುವುದು ನಮ್ಮಲ್ಲಿ ಬಿಡಬಾರದ ರೂಢಿ. ಕಾಗವಾಡದಿಂದ ಬಂದರು, ಅಕ್ಕೋಳದಿಂದ ಬಂದರು, ಓಣಿಯವರಂತೂ ಸಾಲುಗಟ್ಟಿದರು. ಎಲ್ಲರೂ ಬರುವುದು ಊಟ ಮುಗಿಸಿದ ಮಧ್ಯಾಹ್ನವೇ. ಬಿಸಿಲಲ್ಲಿ ನಡೆದು ಬೆವರಿಳಿಸಿಕೊಂಡು ನಡುಮನೆಗೆ ಕಾಲಿಟ್ಟವರು ಮೊದಲು ನೋಡುತ್ತಿದ್ದದ್ದು ಅತ್ತೆಯನ್ನಲ್ಲ, ನಿಂತ ಫ್ಯಾನನ್ನು. ಕರೆಂಟ್ ಇಲ್ಲವೇ ಎಂದು ಕೇಳುತ್ತಿದ್ದರು. ಇದೆ ಎಂದರೆ ನನ್ನನ್ನು ನೋಡುತ್ತಿದ್ದರು. ಆಮೇಲೆ ಯಾರೋ ಒಬ್ಬರು ಎದ್ದು, ಮರ್ಯಾದೆಯ ಕೆಲಸ ತಾವೇ ಮಾಡುವವರಂತೆ, ಫ್ಯಾನು ಹಚ್ಚಿ ಮುದುಕಿಯ ಕಡೆ ತಿರುಗಿಸುತ್ತಿದ್ದರು. ನಾನು ಎದ್ದು ಬಂದ್ ಮಾಡುತ್ತಿದ್ದೆ, ಇಲ್ಲವೇ ಅದರ ಮುಖವನ್ನು ಬಂದವರ ಕಡೆಗೇ ತಿರುಗಿಸುತ್ತಿದ್ದೆ. ಡಾಕ್ಟರು ಹೇಳಿದ್ದನ್ನು ಹೇಳುತ್ತಿದ್ದೆ. ಮೊದಮೊದಲು ಪೂರ್ತಿ ಹೇಳುತ್ತಿದ್ದೆ, ಬೆವರು, ಕಾವು, ಒಣ ಮೈ. ಆಮೇಲೆ ಅರ್ಧ ಹೇಳುತ್ತಿದ್ದೆ. ಕೊನೆಗೆ ಡಾಕ್ಟರು ಬೇಡ ಅಂದಾರ್ರಿ ಎಂದಷ್ಟೇ ಹೇಳಿ ಬಟ್ಟೆ ಹಿಂಡುತ್ತ ಕೂರುತ್ತಿದ್ದೆ.

ಯಾರೂ ನಂಬಲಿಲ್ಲ. ಏಕೆ ನಂಬಬೇಕು? ಫ್ಯಾನಿನ ಎದುರು ಕೂತರೆ ಅವರ ಮೈಗೆ ಹಿತವಾಗುತ್ತಿತ್ತು. ತಮ್ಮ ಮೈಯ ಸಾಕ್ಷಿ ಬಿಟ್ಟು ಸೊಸೆಯ ಮಾತನ್ನು ಯಾರು ನಂಬುತ್ತಾರೆ. ಕರೆಂಟು ಬಿಲ್ಲು ಉಳಿಸಲು ಮುದುಕಿಯನ್ನು ಬೇಯಿಸುತ್ತಿದ್ದಾಳೆ ಎಂಬ ಮಾತು ಬಾವಿಕಟ್ಟೆ ಸುತ್ತಿ, ಬಸದಿ ಸುತ್ತಿ, ಕೊನೆಗೆ ನನ್ನ ಗಂಡನ ಬಾಯಿಂದಲೇ ನನ್ನ ಕಿವಿಗೆ ಬಂತು. ಅವರು ಚಾಡಿಯಾಗಿ ಹೇಳಲಿಲ್ಲ, ದುಃಖದಿಂದ ಹೇಳಿದರು. ನನಗೆ ಅಳು ಬರಲಿಲ್ಲ. ಅಳುವಷ್ಟು ತ್ರಾಣ ಇರಲಿಲ್ಲ.

ನಾದಿನಿ ಇನ್ನೂ ನಿಪ್ಪಾಣಿಗೆ ಹೋಗಿರಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲ ಕೇಳಿಸಿಕೊಂಡವಳು ಅವಳೇ. ಆದರೆ ತಾನು ಪ್ರೀತಿಯಿಂದ ತಂದ ಫ್ಯಾನು ಅವ್ವನನ್ನು ಮಲಗಿಸಿತು ಎಂಬುದನ್ನು ಯಾವ ಮಗಳ ಮನಸ್ಸು ಒಪ್ಪೀತು? ದಿನ ಕಳೆದಂತೆ ಅವಳ ಮಾತು ಬದಲಾಯಿತು. ಅದು ಫ್ಯಾನಿನದಲ್ಲ, ನೀರು ಕಡಿಮೆಯಾದದ್ದು ಎಂದಳು. ಅದೂ ಅರ್ಧ ನಿಜವೇ. ಆಮೇಲೆ, ಡಾಕ್ಟರುಗಳು ಹತ್ತು ಹೇಳುತ್ತಾರೆ ಎಂದಳು. ಓಣಿಯವರು ಬಂದಾಗ ಅವಳು ನನ್ನ ಪರವಾಗಿ ಒಂದು ಮಾತನ್ನೂ ಆಡುತ್ತಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಗುತ್ತಿತ್ತು.

ಒಂದು ದಿನ ನಡುಮನೆ ತುಂಬ ಹೆಂಗಸರು. ಹೊರಗೆ ಬಿಳಿ ಬಿಸಿಲು, ಒಳಗಿನ ಥರ್ಮಾಮೀಟರ್ ಮೂವತ್ತೆಂಟರ ಮೇಲೆ. ಅಷ್ಟು ಜನ ಕೂತರೆ ಇನ್ನೇನಾದೀತು. ನಾನು ಎಲ್ಲರಿಗೂ ಚಹಾ ಮಾಡಲು ಒಳಗೆ ಹೋಗಿದ್ದೆ, ಅತ್ತೆಯ ಮೈಮೇಲಿನ ಬಟ್ಟೆ ಆಗಲೇ ಆರಿರುತ್ತದೆ ಎಂದು ಒಲೆಯ ಮುಂದೆ ನಿಂತೇ ಚಡಪಡಿಸುತ್ತಿದ್ದೆ. ಅಷ್ಟರಲ್ಲಿ ಆ ಗಿರಣಿಯ ಸದ್ದು ಕೇಳಿಸಿತು. ತಟ್ಟೆ ಹಿಡಿದು ಬಂದಾಗ ಫ್ಯಾನು ಪೂರ್ತಿ ಜೋರಿನಲ್ಲಿ ಅತ್ತೆಯ ಕಡೆ ತಿರುಗಿತ್ತು, ಹಚ್ಚಿದವಳು ನಾದಿನಿಯೇ. ಬಸದಿಯಲ್ಲಿ ಎಲ್ಲರಿಗೂ ಹಿರಿಯರಾದ ಹೆಂಗಸೊಬ್ಬರು, ಮುದುಕಿಗೆ ಗಾಳಿಯಾದರೂ ಬೇಡವೇ, ಎಷ್ಟು ದಿನ ಇರುತ್ತಾಳೆ ಪಾಪ ಎನ್ನುತ್ತಿದ್ದರು. ನಾನು ತಟ್ಟೆ ಇಟ್ಟು ಗುಂಡಿಯ ಕಡೆ ಹೋದೆ. ನಾದಿನಿ ಅಡ್ಡ ನಿಂತಳು.

"ಇಷ್ಟ ಮಂದಿ ಮುಂದ ಬಂದ್ ಮಾಡಬ್ಯಾಡ ವೈನಿ. ಅವ್ವ ನನಗೂ ಅವ್ವನ."

ಅವಳ ಕಣ್ಣಲ್ಲಿ ನೀರಿತ್ತು. ಅದು ನನ್ನ ಮೇಲಿನ ಸಿಟ್ಟಲ್ಲ ಎಂದು ನನಗೆ ಅಲ್ಲಿಯೇ ತಿಳಿಯಿತು. ತಿಳಿದರೂ ಏನು ಮಾಡಲಿ. ಅವಳನ್ನು ತಳ್ಳಿ ಬಂದ್ ಮಾಡಿದರೆ ನಾನು ರಾಕ್ಷಸಿ, ಬಿಟ್ಟರೆ ಅತ್ತೆ ಮತ್ತೆ ಎಮ್ಮೆ ಹುಡುಕಲು ಹೋಗುತ್ತಾರೆ. ಕೈಯಲ್ಲಿ ಒದ್ದೆ ಬಟ್ಟೆಯೂ ಇರಲಿಲ್ಲ.

ಆಗ ಅತ್ತೆ ಎದ್ದು ಕೂತರು. ನಿಧಾನವಾಗಿ, ಒಂದು ಕೈ ಮಂಚಕ್ಕೆ ಊರಿ. ಸೆರಗು ಸರಿ ಮಾಡಿಕೊಂಡು, ಬಸದಿ ಇರುವ ದಿಕ್ಕಿಗೆ ತಿರುಗಿ ಕೈ ಮುಗಿದರು. ತುಟಿಯಲ್ಲಿ ಏನೋ ಹೇಳಿಕೊಂಡರು. ಆಮೇಲೆ ಹೆಂಗಸರ ಕಡೆ ತಿರುಗಿದರು.

"ಇವತ್ತಿನಿಂದ ಮಿರಗದ ಮಳಿ ಬೀಳೂತನಕ, ಹೊತ್ತ ನೆತ್ತಿಗೆ ಬಂದಾಗಿಂದ ಇಳಿಯೂತನಕ, ಫ್ಯಾನಿನ ಗಾಳಿ ನನಗ ತ್ಯಾಗ. ನೇಮ ಹಿಡದೀನಿ. ಯಾರೂ ಹಚ್ಚಬ್ಯಾಡ್ರಿ."

ನಮ್ಮಲ್ಲಿ ಡಾಕ್ಟರ ಮಾತಿಗೆ ಎದುರು ಹೇಳುತ್ತಾರೆ, ಗಂಡನ ಮಾತಿಗೆ ಹೇಳುತ್ತಾರೆ, ಸೊಸೆಯ ಮಾತಿಗಂತೂ ಹೇಳಿಯೇ ಹೇಳುತ್ತಾರೆ. ನೇಮಕ್ಕೆ ಎದುರು ಹೇಳುವವರಿಲ್ಲ. ಇನ್ನೊಬ್ಬರ ನೇಮ ಮುರಿಸಿದ ಪಾಪ ಯಾರಿಗೂ ಬೇಡ. ಪಾಪ ಎನ್ನುತ್ತಿದ್ದ ಆ ಹಿರಿಯ ಹೆಂಗಸೇ ಎದ್ದುಹೋಗಿ ಫ್ಯಾನು ಬಂದ್ ಮಾಡಿದರು. ಮಾಡಿ ಬಂದು ಅತ್ತೆಯ ಪಾದ ಮುಟ್ಟಿದರು. ಈ ವಯಸ್ಸಿನಲ್ಲಿ, ಇಂಥ ಬಿಸಿಲಿನಲ್ಲಿ, ಎಂಥ ತ್ಯಾಗ ಎಂದು ಒಬ್ಬರಾದ ಮೇಲೆ ಒಬ್ಬರು ಮುಟ್ಟಿದರು. ಇಷ್ಟು ದಿನ ನಾನು ಬಾಯಿ ನೋಯುವಷ್ಟು ಹೇಳಿದ್ದು ಒಂದು ಕ್ಷಣದಲ್ಲಿ ಪುಣ್ಯದ ಕೆಲಸವಾಯಿತು. ನನಗೆ ನಗು ಬಂತು, ಸಿಟ್ಟೂ ಬಂತು. ಚಹಾ ಆರಿ ಹೋಗಿತ್ತು.

ಎಲ್ಲರೂ ಹೋದರು. ನಾದಿನಿ ಗೋಡೆಗೆ ಒರಗಿ ನಿಂತೇ ಇದ್ದಳು. ಆಮೇಲೆ ಯಾರೂ ಹೇಳದೆ ಬಕೀಟಿನ ಹತ್ತಿರ ಕುಳಿತು ಧೋತರದ ತುಂಡು ಅದ್ದಿದಳು, ಹಿಂಡಿದಳು, ಅವ್ವನ ಕಾಲಿಗೆ ಹಾಸಿದಳು. ಹಿಂಡುವುದು ಅವಳಿಗೆ ಬರುತ್ತಿರಲಿಲ್ಲ, ಹಾಸಿಗೆಯೆಲ್ಲ ಒದ್ದೆ.

ನಾನು ಅತ್ತೆಯ ಕುತ್ತಿಗೆಗೆ ಬಟ್ಟೆ ಹಾಕುತ್ತ, ಹೀಗೇಕೆ ಮಾಡಿದಿರಿ ಎಂದು ಕೇಳಿದೆ. ಒದ್ದೆ ಬಟ್ಟೆಯ ಮೇಲೆ ಸಣ್ಣ ಗಾಳಿಗೆ ಡಾಕ್ಟರದೇ ಅಪ್ಪಣೆ ಇತ್ತು. ಇಡೀ ದಿನದಲ್ಲಿ ಅತ್ತೆ ಆಸೆಪಟ್ಟು ಕಾಯುತ್ತಿದ್ದದ್ದು ಅದನ್ನೇ. ಫ್ಯಾನು ಒಂದನೇ ನಂಬರಿಗೆ ಹಚ್ಚಿದರೆ ಮಗುವಿನ ಹಾಗೆ ಕಣ್ಣು ಮುಚ್ಚುತ್ತಿದ್ದರು. ಈಗ ಅದೂ ಹೋಯಿತು, ಮೃಗಶಿರಾ ಮಳೆ ಬರುವ ತನಕ, ಅಂದರೆ ಜೂನಿನ ತನಕ. ಇನ್ನು ಬಟ್ಟೆಯನ್ನು ಇನ್ನೂ ಬೇಗ ಬೇಗ ಬದಲಿಸಬೇಕು, ನಮಗೂ ಕೆಲಸ ಹೆಚ್ಚು ಎಂದು ಗೊಣಗಿದೆ. ಅತ್ತೆ ನನ್ನ ಮುಖ ನೋಡುತ್ತಿದ್ದರು. ಒಲೆಯ ಮುಂದಿನಿಂದ ಎದ್ದು ಬಂದವಳು ನಾನು, ಗದ್ದದಿಂದ ಬೆವರು ತೊಟ್ಟಿಕ್ಕುತ್ತಿತ್ತು, ರವಿಕೆ ಹಿಂಡಿದರೆ ನೀರು ಬರುವಂತಿತ್ತು. ಆ ವರ್ಷ ನನ್ನ ಮೈಗೆ ಬೇರೆ ಬೇಗುದಿಯೂ ಇತ್ತು, ಹೆಂಗಸರಿಗೆ ಐವತ್ತರ ಹತ್ತಿರ ಬರುವಂಥದ್ದು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ನಾನು ಮತ್ತೆ ಬಟ್ಟೆ ಹಿಂಡಲು ಬಕೀಟಿನ ಕಡೆ ಹೋದಾಗ ಅತ್ತೆ ಮಗಳನ್ನು ಕರೆದು, ಆ ನಿಂತ ಫ್ಯಾನನ್ನು ತೋರಿಸಿದರು.

"ನೇಮ ನಂದು, ಈಕಿದಲ್ಲ. ಈಕಿಗೆ ಬೆವರ ಬರತೈತಿ ನೋಡು. ಅದನ್ನ ಈಕಿ ಕಡೆ ತಿರುವಿ ಹಚ್ಚು."

ನಾದಿನಿ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಫ್ಯಾನನ್ನು ಅತ್ತೆಯ ಮಂಚದಿಂದ ದೂರ ಎಳೆದು, ಅದರ ಕುತ್ತಿಗೆ ಹಿಡಿದು ನನ್ನ ಕಡೆ ತಿರುಗಿಸಿದಳು. ಗಾಳಿ ಬಿಸಿಯೇ ಇತ್ತು. ಬೆವರಿದ ನನ್ನ ಮೈಗೆ ಅದು ತಂಪಾಗಿ ತಾಗಿತು. ನಾನು ತಲೆ ಬಗ್ಗಿಸಿ ಬಟ್ಟೆ ಹಿಂಡುತ್ತಲೇ ಇದ್ದೆ, ಏಕೆಂದರೆ ತಲೆ ಎತ್ತಿದ್ದರೆ ಇಬ್ಬರಿಗೂ ನನ್ನ ಅಳು ಕಾಣುತ್ತಿತ್ತು. ಸೊಸೆಯಾಗಿ ಆ ಮನೆಗೆ ಬಂದಾಗಿನಿಂದ ಫ್ಯಾನಿನ ಮುಖವನ್ನು ಯಾರಾದರೂ ನನ್ನ ಕಡೆ ತಿರುಗಿಸಿದ್ದು ಅದೇ ಮೊದಲು.